ಮೂರು ಮೂಲಗಳ ಸರ್ಕ್ಯೂಟ್‌ನಲ್ಲಿ ಸೂಪರ್‌ಪೊಸಿಷನ್: ಉತ್ತರ ಏಕೆ ತಾಳೆಯಾಗುವುದಿಲ್ಲ?

ಪ್ರಶ್ನೆ: ಸರ್, ಒಂದು ಲೆಕ್ಕದಲ್ಲಿ A ಎಂಬ ನೋಡ್‌ಗೆ ನಾಲ್ಕು ಶಾಖೆಗಳು ಸೇರುತ್ತವೆ. ಮೊದಲನೆಯದರಲ್ಲಿ 30 ವೋಲ್ಟ್ ಮೂಲ V1 ಮತ್ತು 6 ಓಮ್ R1 ಇವೆ. ಎರಡನೆಯದರಲ್ಲಿ 24 ವೋಲ್ಟ್ ಮೂಲ V2 ಮತ್ತು 12 ಓಮ್ R2 ಇವೆ, ಆದರೆ V2ರ ಋಣ ತುದಿ R2 ಕಡೆಗಿದೆ. ಮೂರನೆಯದು A ಮತ್ತು ಗ್ರೌಂಡ್ ನಡುವಿನ 4 ಓಮ್ R3. ನಾಲ್ಕನೆಯದರಲ್ಲಿ 3 ಓಮ್ R4 ಮೂಲಕ A ಕಡೆಗೆ 4 ಆಂಪಿಯರ್ ಕಳಿಸುವ ಕರೆಂಟ್ ಮೂಲ ಇದೆ. R3ರಲ್ಲಿ ಹರಿಯುವ ಕರೆಂಟ್ ಸೂಪರ್‌ಪೊಸಿಷನ್‌ನಿಂದ ನನಗೆ 2.9 ಆಂಪಿಯರ್ ಬಂತು, ಗೆಳೆಯನಿಗೆ 5.5 ಬಂತು, ಪುಸ್ತಕದ ಉತ್ತರ 3.5. ನಾವು ಎಲ್ಲಿ ತಪ್ಪಿದೆವು? R3ರ ಪವರ್ ಅನ್ನೂ ಹೀಗೆಯೇ ಬಿಡಿಬಿಡಿಯಾಗಿ ಕಂಡುಹಿಡಿದು ಕೂಡಿಸಬಹುದೇ?

ಉತ್ತರ: ಪುಸ್ತಕದ ಉತ್ತರ ಸರಿಯಾಗಿದೆ. ನಿಮ್ಮ 2.9 ಎಂಬ ಸಂಖ್ಯೆಯಿಂದಲೇ ನಿಮ್ಮ ತಪ್ಪು ಯಾವುದೆಂದು ಖಚಿತವಾಗಿ ಹೇಳಬಹುದು: V1 ಮತ್ತು V2ರ ಹಂತಗಳಲ್ಲಿ ನೀವು ಕರೆಂಟ್ ಮೂಲವನ್ನು ತೆಗೆದು ಆ ಜಾಗದಲ್ಲಿ ತಂತಿ ಜೋಡಿಸಿದ್ದೀರಿ. ಗೆಳೆಯರ 5.5 ಎರಡು ಬೇರೆ ಬೇರೆ ತಪ್ಪುಗಳಿಂದ ಬರಬಹುದಾದ ಸಂಖ್ಯೆ, ಆದ್ದರಿಂದ ಅವರು ಬರೆದ ಹಂತಗಳನ್ನು ನೋಡದೆ ಅವುಗಳಲ್ಲಿ ಯಾವುದೆಂದು ಹೇಳಲಾಗದು. ಮೊದಲು ಲೆಕ್ಕವನ್ನು ಸರಿಯಾಗಿ ಮಾಡಿ, ಆಮೇಲೆ ಎರಡನ್ನೂ ನೋಡೋಣ.

A ನೋಡ್‌ನ ವೋಲ್ಟೇಜ್ ಅನ್ನು VA ಎಂದು ಕರೆದು, ಅಲ್ಲಿಂದ ಹೊರಹೋಗುವ ಕರೆಂಟ್‌ಗಳ ಮೊತ್ತವನ್ನು ಒಳಬರುವ ಕರೆಂಟ್‌ಗೆ ಸಮ ಮಾಡಿದರೆ ಹೀಗಾಗುತ್ತದೆ:

```
(VA - V1)/6 + (VA + V2)/12 + VA/4 = I
```

ಇದನ್ನು ಸರಿಹೊಂದಿಸಿದರೆ VAಯ ಗುಣಕ 1/6 + 1/12 + 1/4, ಅಂದರೆ 1/2 ಆಗುತ್ತದೆ. ಹೀಗಾಗಿ:

```
VA = V1/3 - V2/6 + 2·I
```

ಸೂಪರ್‌ಪೊಸಿಷನ್ ಪ್ರಮೇಯ ಹೇಳುವುದೆಲ್ಲವೂ ಈ ಒಂದು ಸಾಲಿನಲ್ಲಿದೆ. ಮೂರು ಮೂಲಗಳು ಮೂರು ಪ್ರತ್ಯೇಕ ಪದಗಳಾಗಿ ನಿಂತಿವೆ, ಯಾವ ಪದದಲ್ಲಿಯೂ ಎರಡು ಮೂಲಗಳ ಗುಣಲಬ್ಧವಿಲ್ಲ, ಯಾವ ಮೂಲವೂ ವರ್ಗವಾಗಿ ಬಂದಿಲ್ಲ. ಒಂದು ಮೂಲದ ಪಾಲನ್ನು ತಿಳಿಯಲು ಉಳಿದ ಎರಡು ಸಂಕೇತಗಳ ಜಾಗದಲ್ಲಿ ಸೊನ್ನೆ ಹಾಕಿದರೆ ಸಾಕು. ಕಾಗದದ ಮೇಲೆ ಸೊನ್ನೆ ಹಾಕುವುದು ಸುಲಭ. ಚಿತ್ರದ ಮೇಲೆ ಅದನ್ನೇ ಮಾಡುವಾಗ ಹೆಚ್ಚಿನವರು ಎಡವುತ್ತಾರೆ, ಏಕೆಂದರೆ ಎರಡು ಬಗೆಯ ಮೂಲಗಳಲ್ಲಿ ಸೊನ್ನೆಗೆ ಎರಡು ಬೇರೆ ರೂಪಗಳಿವೆ.

ವೋಲ್ಟೇಜ್ ಮೂಲವನ್ನು ಸೊನ್ನೆ ಮಾಡುವುದೆಂದರೆ ಅದರ ಎರಡು ತುದಿಗಳ ನಡುವಿನ ವೋಲ್ಟೇಜ್ ಅನ್ನು ಸೊನ್ನೆ ಮಾಡುವುದು. ಎಷ್ಟೇ ಕರೆಂಟ್ ಹರಿದರೂ ತುದಿಗಳ ನಡುವೆ ಸೊನ್ನೆ ವೋಲ್ಟ್ ಉಳಿಸಿಕೊಳ್ಳುವ ವಸ್ತು ಒಂದು ತಂತಿ, ಆದ್ದರಿಂದ ವೋಲ್ಟೇಜ್ ಮೂಲದ ಜಾಗದಲ್ಲಿ ಶಾರ್ಟ್ ಬರುತ್ತದೆ. ಕರೆಂಟ್ ಮೂಲವನ್ನು ಸೊನ್ನೆ ಮಾಡುವುದೆಂದರೆ ಅದರ ಮೂಲಕ ಹರಿಯುವ ಕರೆಂಟ್ ಅನ್ನು ಸೊನ್ನೆ ಮಾಡುವುದು. ಎಷ್ಟೇ ವೋಲ್ಟೇಜ್ ಬಿದ್ದರೂ ಕರೆಂಟ್ ಬಿಡದಿರುವುದು ತೆರೆದ ಜಾಗ ಮಾತ್ರ, ಆದ್ದರಿಂದ ಅಲ್ಲಿ ಓಪನ್ ಬರುತ್ತದೆ. ಸೊನ್ನೆ ಮಾಡಿದ ವೋಲ್ಟೇಜ್ ಮೂಲದ ಮೂಲಕ ಕರೆಂಟ್ ಹರಿಯುತ್ತಲೇ ಇರಬಹುದು, ಸೊನ್ನೆ ಮಾಡಿದ ಕರೆಂಟ್ ಮೂಲದ ತುದಿಗಳ ನಡುವೆ ವೋಲ್ಟೇಜ್ ಇರಬಹುದು. "ಮೂಲವನ್ನು ತೆಗೆದುಹಾಕಿ" ಎಂಬ ರೂಢಿಯ ಮಾತು ಈ ವ್ಯತ್ಯಾಸವನ್ನು ಮರೆಮಾಚುವುದರಿಂದ, "ಮೂಲದ ಬೆಲೆಯನ್ನು ಸೊನ್ನೆಗೆ ಇಳಿಸಿ" ಎಂದು ಹೇಳಿಕೊಳ್ಳುವುದೇ ಮೇಲು.

ಈಗ ಹಂತಗಳಿಗೆ ಬರೋಣ. R3ರಲ್ಲಿ A ಯಿಂದ ಗ್ರೌಂಡ್ ಕಡೆಗೆ, ಅಂದರೆ ಕೆಳಮುಖವಾಗಿ ಹರಿಯುವ ಕರೆಂಟ್ ಅನ್ನು ಧನವೆಂದು ಮೊದಲೇ ಗೊತ್ತುಪಡಿಸಿ, ಚಿತ್ರದ ಮೇಲೆ ಒಂದು ಬಾಣ ಬರೆದುಬಿಡಿ. ಮೂರೂ ಹಂತಗಳಲ್ಲಿ ಈ ಬಾಣ ಬದಲಾಗಬಾರದು.

ಮೊದಲ ಹಂತದಲ್ಲಿ V1 ಮಾತ್ರ ಇದೆ. V2ರ ಜಾಗದಲ್ಲಿ ತಂತಿ ಬರುವುದರಿಂದ R2 ನೇರವಾಗಿ A ಯಿಂದ ಗ್ರೌಂಡ್‌ಗೆ ಸೇರುತ್ತದೆ. ಕರೆಂಟ್ ಮೂಲ ಓಪನ್ ಆಗುವುದರಿಂದ R4ರ ಒಂದು ತುದಿ ಎಲ್ಲಿಗೂ ಸೇರದೆ ನಿಲ್ಲುತ್ತದೆ. ಅದರಲ್ಲಿ ಕರೆಂಟ್ ಹರಿಯುವುದಿಲ್ಲವಾದ್ದರಿಂದ A ನೋಡ್‌ನ ಮಟ್ಟಿಗೆ ಅದು ಇಲ್ಲದಂತೆಯೇ. R2 ಮತ್ತು R3, ಅಂದರೆ 12 ಮತ್ತು 4 ಓಮ್, ಸಮಾಂತರವಾಗಿ 3 ಓಮ್ ಆಗುತ್ತವೆ. ಅದು R1ರ 6 ಓಮ್ ಜೊತೆ ಸರಣಿಯಲ್ಲಿ ನಿಂತಾಗ 30 ವೋಲ್ಟ್ ಹಂಚಿಕೆಯಾಗಿ A ಯಲ್ಲಿ 10 ವೋಲ್ಟ್ ಬರುತ್ತದೆ. R3ರಲ್ಲಿ 2.5 ಆಂಪಿಯರ್ ಕೆಳಮುಖವಾಗಿ ಹರಿಯುತ್ತದೆ.

ಎರಡನೆಯ ಹಂತದಲ್ಲಿ V2 ಮಾತ್ರ ಇದೆ. V1 ತಂತಿಯಾಗಿ, R1 ಗ್ರೌಂಡ್‌ಗೆ ಸೇರುತ್ತದೆ. R1 ಮತ್ತು R3 ಸಮಾಂತರವಾಗಿ 2.4 ಓಮ್ ಆಗುತ್ತವೆ, R2 ಜೊತೆಗೆ ಸರಣಿಯಲ್ಲಿ ಒಟ್ಟು 14.4 ಓಮ್. 24 ವೋಲ್ಟ್‌ನಲ್ಲಿ 2.4 ಓಮ್‌ಗೆ ಬೀಳುವ ಪಾಲು 4 ವೋಲ್ಟ್. V2ರ ಋಣ ತುದಿ A ಕಡೆಗಿರುವುದರಿಂದ A ಗ್ರೌಂಡ್‌ಗಿಂತ 4 ವೋಲ್ಟ್ ಕೆಳಗಿರುತ್ತದೆ, R3ರಲ್ಲಿ 1 ಆಂಪಿಯರ್ ಮೇಲ್ಮುಖವಾಗಿ ಹರಿಯುತ್ತದೆ. ನಮ್ಮ ಬಾಣದ ಪ್ರಕಾರ ಅದು −1 ಆಂಪಿಯರ್.

ಮೂರನೆಯ ಹಂತದಲ್ಲಿ ಕರೆಂಟ್ ಮೂಲ ಮಾತ್ರ ಇದೆ. V1, V2 ಎರಡೂ ತಂತಿಗಳಾಗುತ್ತವೆ. R1, R2, R3 ಮೂರೂ A ಮತ್ತು ಗ್ರೌಂಡ್ ನಡುವೆ ಸಮಾಂತರವಾಗಿ ನಿಂತು 2 ಓಮ್ ಆಗುತ್ತವೆ. R4 ಮೂಲಕ 4 ಆಂಪಿಯರ್ ಬಂದೇ ಬರುತ್ತದೆ, R4 ಎಷ್ಟಿದ್ದರೂ ಅದರಲ್ಲಿ ಬದಲಾವಣೆಯಿಲ್ಲ. A ಯಲ್ಲಿ 8 ವೋಲ್ಟ್, R3ರಲ್ಲಿ 2 ಆಂಪಿಯರ್.

2.5 − 1 + 2 ಕೂಡಿಸಿದರೆ 3.5 ಆಂಪಿಯರ್. A ಯ ವೋಲ್ಟೇಜ್ 10 − 4 + 8, ಅಂದರೆ 14. ಇದನ್ನು ಮೊದಲಿನ ಸಮೀಕರಣದಲ್ಲಿ ಹಾಕಿದರೆ ಎಡಬದಿ ಸರಿಯಾಗಿ 4 ಆಂಪಿಯರ್ ಆಗುತ್ತದೆ.

ಈಗ ನಿಮ್ಮ 2.9. V1ರ ಹಂತದಲ್ಲಿ ಕರೆಂಟ್ ಮೂಲದ ಜಾಗದಲ್ಲಿ ತಂತಿ ಹಾಕಿದರೆ, ಇಲ್ಲದಂತೆ ಇರಬೇಕಾಗಿದ್ದ R4 ಜೀವಂತವಾಗಿ A ಮತ್ತು ಗ್ರೌಂಡ್ ನಡುವೆ ಸೇರಿಕೊಳ್ಳುತ್ತದೆ. ಆಗ A ಯ ವೋಲ್ಟೇಜ್ 10ರ ಬದಲು 6, R3ರ ಕರೆಂಟ್ 1.5. V2ರ ಹಂತದಲ್ಲಿ ಇದೇ ತಪ್ಪಿನಿಂದ −1ರ ಬದಲು −0.6 ಬರುತ್ತದೆ. ಮೂರನೆಯ ಹಂತದಲ್ಲಿ ಕರೆಂಟ್ ಮೂಲವೇ ಕೆಲಸ ಮಾಡುತ್ತಿರುವುದರಿಂದ ಅದರ 2 ಆಂಪಿಯರ್ ಸರಿಯಾಗಿಯೇ ಇದೆ. ಮೂರನ್ನೂ ಕೂಡಿಸಿದರೆ 2.9. ನಿಮ್ಮ ಹಾಳೆಯಲ್ಲಿ 1.5 ಮತ್ತು −0.6 ಎಂಬ ಸಂಖ್ಯೆಗಳು ಇರಲೇಬೇಕು ಎಂದು ನಂಬಿದ್ದೇನೆ. ಕರೆಂಟ್ ಮೂಲದ ಜೊತೆ ಸರಣಿಯಲ್ಲಿ ಒಂದು ರೋಧಕ ಇದ್ದಾಗ ಈ ತಪ್ಪಿಗೆ ಮನಸ್ಸು ಸುಲಭವಾಗಿ ಒಪ್ಪುತ್ತದೆ, ಏಕೆಂದರೆ ಚಿತ್ರದಲ್ಲಿರುವ ರೋಧಕವೊಂದನ್ನು ಪೂರ್ತಿಯಾಗಿ ಬಿಟ್ಟುಬಿಡುವುದು ಹಿತವೆನಿಸುವುದಿಲ್ಲ. R4 ಇಲ್ಲದೆ ಕರೆಂಟ್ ಮೂಲ ನೇರವಾಗಿ A ಗೆ ಸೇರಿದ್ದರೆ ಅಲ್ಲಿ ತಂತಿ ಹಾಕಿದೊಡನೆ A ಗ್ರೌಂಡ್ ಆಗಿ R3ರ ಕರೆಂಟ್ ಸೊನ್ನೆಯಾಗುತ್ತಿತ್ತು, ತಪ್ಪು ಕೂಡಲೇ ಕಣ್ಣಿಗೆ ಬೀಳುತ್ತಿತ್ತು.

ಗೆಳೆಯರ 5.5 ಬರುವ ಒಂದು ದಾರಿ ಚಿಹ್ನೆಯ ತಪ್ಪು. V2ರ ಹಂತದಲ್ಲಿ 1 ಆಂಪಿಯರ್ ಎಂದು ಬರೆದು, ಅದು ಮೇಲ್ಮುಖ ಎಂಬುದನ್ನು ಮರೆತರೆ 2.5 + 1 + 2, ಅಂದರೆ 5.5. ಇನ್ನೊಂದು ದಾರಿ ವೋಲ್ಟೇಜ್ ಮೂಲಗಳನ್ನು ಶಾರ್ಟ್ ಮಾಡುವ ಬದಲು ಓಪನ್ ಮಾಡುವುದು. ಆಗ ಮೊದಲ ಹಂತದಲ್ಲಿ R2 ಕಾಣೆಯಾಗಿ 30 ವೋಲ್ಟ್ 10 ಓಮ್‌ಗೆ ಬೀಳುತ್ತದೆ, ಅಲ್ಲಿ 3 ಆಂಪಿಯರ್. ಎರಡನೆಯದರಲ್ಲಿ R1 ಕಾಣೆಯಾಗಿ −1.5. ಮೂರನೆಯದರಲ್ಲಿ R1, R2 ಎರಡೂ ಇಲ್ಲದೆ 4 ಆಂಪಿಯರ್ ಪೂರ್ತಿ R3ಗೇ ಹೋಗುತ್ತದೆ. 3 − 1.5 + 4 ಕೂಡ 5.5. ಪರಸ್ಪರ ಸಂಬಂಧವಿಲ್ಲದ ಎರಡು ತಪ್ಪುಗಳು ಒಂದೇ ಸಂಖ್ಯೆಗೆ ಬಂದು ನಿಲ್ಲುವುದು ಈ ಬೆಲೆಗಳಲ್ಲಿ ಆಕಸ್ಮಿಕ. ಆದರೂ ಕೊನೆಯ ಉತ್ತರವನ್ನಷ್ಟೇ ನೋಡಿ ತಿದ್ದಲು ಹೋದರೆ, ಓಪನ್ ಮಾಡಿದವರಿಗೆ ಚಿಹ್ನೆಯ ಪಾಠ ಹೇಳಿದಂತಾಗಬಹುದು. ಆದ್ದರಿಂದ ಹಂತದ ಸಂಖ್ಯೆಗಳನ್ನು ನೋಡಬೇಕು: ಎರಡನೆಯ ಹಂತದಲ್ಲಿ 1 ಇದ್ದರೆ ಚಿಹ್ನೆಯ ತಪ್ಪು, −1.5 ಇದ್ದರೆ ಓಪನ್ ಮಾಡಿದ ತಪ್ಪು.

ಶಾರ್ಟ್ ಮತ್ತು ಓಪನ್ ಅದಲುಬದಲಾಗುವ ತಪ್ಪನ್ನು, ಸರಿಯುತ್ತರ ಗೊತ್ತಿಲ್ಲದಿದ್ದರೂ, ಹಿಡಿಯಲು ಒಂದು ಒಳ್ಳೆಯ ಪರೀಕ್ಷೆ ಇದೆ. ಪ್ರತಿ ಹಂತದಲ್ಲಿ, ಕೆಲಸ ಮಾಡುತ್ತಿರುವ ಆ ಒಂದು ಮೂಲವನ್ನೂ ಅದರ ನಿಯಮದಂತೆಯೇ ಸೊನ್ನೆಗೆ ಇಳಿಸಿ, A ಮತ್ತು ಗ್ರೌಂಡ್ ನಡುವಿನ ರೋಧವನ್ನು ಲೆಕ್ಕ ಹಾಕಿ. ಮೂರು ಹಂತಗಳಲ್ಲಿಯೂ ಒಂದೇ ಬೆಲೆ ಬರಬೇಕು, ನಮ್ಮ ಸರ್ಕ್ಯೂಟ್‌ನಲ್ಲಿ 2 ಓಮ್. ಹಂತದಿಂದ ಹಂತಕ್ಕೆ ಮೂಲಗಳ ಬೆಲೆ ಮಾತ್ರ ಬದಲಾಗುತ್ತದೆಯೇ ಹೊರತು ರೋಧಕಗಳ ಜಾಲ ಬದಲಾಗುವುದಿಲ್ಲ. VAಯ ಗುಣಕವಾದ 1/2 ಆ ಸಮೀಕರಣದಲ್ಲಿ ಒಂದೇ ಕಡೆ ಬಂದಿರುವುದಕ್ಕೂ ಅರ್ಥ ಇದೇ. ನೀವು ಮಾಡಿದ ಲೆಕ್ಕದಲ್ಲಿ ಇದು ಮೊದಲ ಎರಡು ಹಂತಗಳಲ್ಲಿ 1.2 ಓಮ್, ಮೂರನೆಯದರಲ್ಲಿ 2 ಓಮ್. ವೋಲ್ಟೇಜ್ ಮೂಲಗಳನ್ನು ಓಪನ್ ಮಾಡಿದ್ದರೆ ಗೆಳೆಯರ ಹಂತಗಳಲ್ಲಿ ಅನುಕ್ರಮವಾಗಿ 2.4, 3 ಮತ್ತು 4 ಓಮ್. ಬೆಲೆ ಹೀಗೆ ಅಲ್ಲಾಡಿದರೆ, ಮೂರು ಹಂತಗಳಲ್ಲಿ ಮೂರು ಬೇರೆ ಸರ್ಕ್ಯೂಟ್‌ಗಳ ಉತ್ತರಗಳನ್ನು ಕೂಡಿಸಲಾಗಿದೆ ಎಂದೇ ಅರ್ಥ. ಚಿಹ್ನೆಯ ತಪ್ಪನ್ನು ಈ ಪರೀಕ್ಷೆ ಹಿಡಿಯುವುದಿಲ್ಲ, ಅದಕ್ಕೆ ಮೊದಲೇ ಬರೆದ ಬಾಣವೊಂದೇ ರಕ್ಷಣೆ.

ಮೂಲಗಳನ್ನು ಒಂದೊಂದಾಗಿಯೇ ತೆಗೆದುಕೊಳ್ಳಬೇಕೆಂಬ ಕಡ್ಡಾಯವಿಲ್ಲ. V1, V2 ಎರಡನ್ನೂ ಒಂದೇ ಹಂತದಲ್ಲಿಟ್ಟರೆ 1.5 ಆಂಪಿಯರ್ ಬರುತ್ತದೆ, ಅದಕ್ಕೆ ಕರೆಂಟ್ ಮೂಲದ 2 ಸೇರಿಸಿದರೆ ಮತ್ತೆ 3.5. ಪ್ರತಿ ಮೂಲವೂ ಒಟ್ಟಾರೆ ಒಂದೇ ಒಂದು ಹಂತದಲ್ಲಿ ಬಂದಿರಬೇಕು, ಅಷ್ಟೇ.

R4ರ ಬಗ್ಗೆ ಇನ್ನೊಂದು ಮಾತು ಅಗತ್ಯ. A ಯ ವೋಲ್ಟೇಜ್‌ಗೂ R3ರ ಕರೆಂಟ್‌ಗೂ R4 ಸಂಬಂಧಿಸಿಲ್ಲ ಎಂಬುದನ್ನು ಕಂಡವರು, ಅದು ಈ ಸರ್ಕ್ಯೂಟ್‌ನಲ್ಲಿ ಯಾವುದಕ್ಕೂ ಬೇಡ ಎಂದು ತೀರ್ಮಾನಿಸುವುದುಂಟು. ಅದು ಸರಿಯಲ್ಲ. ಕರೆಂಟ್ ಮೂಲದ ತುದಿಗಳ ನಡುವಿನ ವೋಲ್ಟೇಜ್ ಅನ್ನು ಸೂಪರ್‌ಪೊಸಿಷನ್‌ನಿಂದ ಕಂಡುಹಿಡಿಯಿರಿ. ಮೊದಲ ಹಂತದಲ್ಲಿ R4ರಲ್ಲಿ ಕರೆಂಟ್ ಇಲ್ಲವಾದ್ದರಿಂದ A ಯಲ್ಲಿರುವ 10 ವೋಲ್ಟ್ ಹಾಗೆಯೇ ಓಪನ್ ತುದಿಯಲ್ಲಿ ಕಾಣುತ್ತದೆ, ಎರಡನೆಯದರಲ್ಲಿ −4 ವೋಲ್ಟ್. ಮೂರನೆಯದರಲ್ಲಿ A ಯ 8 ವೋಲ್ಟ್‌ಗೆ R4ರ ಮೇಲೆ ಬೀಳುವ 12 ವೋಲ್ಟ್ ಸೇರಿ 20. ಒಟ್ಟು 26 ವೋಲ್ಟ್. ಕರೆಂಟ್ ಮೂಲದ ವೋಲ್ಟೇಜ್ ಸೊನ್ನೆ ಎಂದು ಬರೆಯುವವರೂ ಅದನ್ನು A ಯ 14 ವೋಲ್ಟ್ ಎಂದು ಬರೆಯುವವರೂ ಇಲ್ಲಿ ತಪ್ಪುತ್ತಾರೆ.

ಇನ್ನು ಪವರ್. ಉತ್ತರ ಸ್ಪಷ್ಟವಾಗಿ ಇಲ್ಲ. R3ರಲ್ಲಿ 3.5 ಆಂಪಿಯರ್ ಹರಿದಾಗ ಅದರ ಪವರ್ 3.5² × 4, ಅಂದರೆ 49 ವಾಟ್. ಹಂತಗಳಲ್ಲಿ ಬಿಡಿಯಾಗಿ ನೋಡಿದರೆ 25, 4 ಮತ್ತು 16 ವಾಟ್, ಮೊತ್ತ 45. ಎರಡೂ ಹತ್ತಿರವಿರುವುದೇ ಇಲ್ಲಿನ ಅಪಾಯ, ಏಕೆಂದರೆ ದಶಮಾಂಶಗಳನ್ನು ಅಂದಾಜಿಗೆ ಇಳಿಸಿದ್ದರಿಂದ ಬಂದ ಸಣ್ಣ ವ್ಯತ್ಯಾಸ ಎಂದು ಭಾವಿಸಿ ಮುಂದೆ ಹೋಗಿಬಿಡಬಹುದು. ಪವರ್ ಕರೆಂಟ್‌ನ ವರ್ಗವನ್ನು ಅವಲಂಬಿಸಿದೆ. ಮೂರು ಪದಗಳ ಮೊತ್ತವನ್ನು ವರ್ಗ ಮಾಡಿದಾಗ ಮೂರು ವರ್ಗಗಳ ಜೊತೆಗೆ ಎರಡೆರಡು ಪದಗಳ ಗುಣಲಬ್ಧಗಳೂ ಬರುತ್ತವೆ:

```
2 × 4 × [ (2.5)(-1) + (2.5)(2) + (-1)(2) ] = 4 W
```

ಕಾಣೆಯಾದ 4 ವಾಟ್ ಇದೇ. V2ರ ಧ್ರುವತೆ ತಿರುಗಿಸಿದರೆ ಈ ಆವರಣದೊಳಗಿನ ಮೂರೂ ಗುಣಲಬ್ಧಗಳು ಧನವಾಗುತ್ತವೆ, R3ರ ಕರೆಂಟ್ 5.5 ಆಗಿ ನಿಜವಾದ ಪವರ್ 121 ವಾಟ್‌ಗೆ ಏರುತ್ತದೆ. ಬಿಡಿ ಪವರ್‌ಗಳ ಮೊತ್ತ ಮಾತ್ರ ಆಗಲೂ 45 ವಾಟ್ ಆಗಿಯೇ ಉಳಿಯುತ್ತದೆ.

ಇದರಲ್ಲೊಂದು ಸೂಕ್ಷ್ಮವಿದೆ, ಅದನ್ನು ತಿಳಿಸದಿದ್ದರೆ ಮುಂದೆ ನಿಮಗೇ ಗೊಂದಲವಾದೀತು. ಎಲ್ಲ ವೋಲ್ಟೇಜ್ ಮೂಲಗಳನ್ನು ಒಂದು ಗುಂಪಾಗಿ, ಕರೆಂಟ್ ಮೂಲವನ್ನು ಇನ್ನೊಂದಾಗಿ ತೆಗೆದುಕೊಂಡರೆ ಇಡೀ ಸರ್ಕ್ಯೂಟ್‌ನ ಒಟ್ಟು ಪವರ್ ಸರಿಯಾಗಿ ಕೂಡುತ್ತದೆ: V1 ಮತ್ತು V2 ಸೇರಿ 180 ವಾಟ್, ಕರೆಂಟ್ ಮೂಲ ಒಂದೇ ಇದ್ದಾಗ 80 ವಾಟ್, ನಿಜವಾದ ಒಟ್ಟು ಪವರ್ 260 ವಾಟ್. ರೋಧಕಗಳಿಂದಲೇ ಆದ ಜಾಲಗಳಲ್ಲಿ ಈ ಎರಡು ಗುಂಪುಗಳ ನಡುವಿನ ಗುಣಲಬ್ಧಗಳು ಎಲ್ಲ ರೋಧಕಗಳನ್ನು ಸೇರಿಸಿ ನೋಡಿದಾಗ ಪರಸ್ಪರ ಕಳೆದುಹೋಗುತ್ತವೆ. ಆದರೆ ಒಂದೊಂದೇ ರೋಧಕಕ್ಕೆ ಇದು ಅನ್ವಯಿಸುವುದಿಲ್ಲ. ಇದೇ ವಿಂಗಡಣೆಯಲ್ಲಿ R3ಗೆ 9 ಮತ್ತು 16, ಒಟ್ಟು 25 ವಾಟ್ ಬರುತ್ತದೆ, ನಿಜವಾದದ್ದು 49. ಹೀಗಾಗಿ ಒಟ್ಟು ತಾಳೆಯಾಯಿತೆಂದು ಪವರ್‌ಗೂ ಸೂಪರ್‌ಪೊಸಿಷನ್ ನಡೆಯುತ್ತದೆ ಎಂದು ನಂಬಬೇಡಿ. ಮೊದಲು ಒಟ್ಟು ಕರೆಂಟ್, ಆಮೇಲೆ ಅದರಿಂದ ಪವರ್, ಇದೇ ಕ್ರಮ.

ಒಂದೇ ಸಂಖ್ಯೆ ಬೇಕಾಗಿದ್ದರೆ ನೋಡ್ ಸಮೀಕರಣ ಒಂದೇ ಸಾಲಿನಲ್ಲಿ ಅದನ್ನು ಕೊಡುತ್ತದೆ, ಮೂರು ಚಿತ್ರ ಬರೆಯುವ ಶ್ರಮವಿಲ್ಲ. ಸೂಪರ್‌ಪೊಸಿಷನ್ ನಿಜವಾಗಿ ಉಪಯೋಗಕ್ಕೆ ಬರುವುದು ಯಾವ ಮೂಲದ ಪಾಲು ಎಷ್ಟು ಎಂಬುದು ಬೇಕಾದಾಗ ಎಂಬುದು ನನ್ನ ಅಭಿಪ್ರಾಯ. R3ರ ಕರೆಂಟ್ V1/12 − V2/24 + I/2 ಎಂದು ಒಮ್ಮೆ ಗೊತ್ತಾದರೆ, V1 ಒಂದು ವೋಲ್ಟ್ ಏರಿದಾಗ R3ರಲ್ಲಿ ಸುಮಾರು 0.083 ಆಂಪಿಯರ್ ಹೆಚ್ಚುತ್ತದೆ, V2 ಒಂದು ವೋಲ್ಟ್ ಏರಿದಾಗ ಅದರ ಅರ್ಧದಷ್ಟು ಕಡಿಮೆಯಾಗುತ್ತದೆ ಎಂಬುದನ್ನು ಮತ್ತೆ ಲೆಕ್ಕ ಮಾಡದೆಯೇ ಹೇಳಬಹುದು.

ಇದನ್ನು ಪ್ರಯೋಗಾಲಯದಲ್ಲಿ ಕಟ್ಟಿ ನೋಡಬೇಕೆನಿಸಿದರೆ ಓಮ್‌ಗಳ ಬದಲು ಕಿಲೋಓಮ್, ಆಂಪಿಯರ್‌ಗಳ ಬದಲು ಮಿಲಿಆಂಪಿಯರ್ ಇಟ್ಟುಕೊಳ್ಳಿ. ವೋಲ್ಟೇಜ್‌ಗಳೆಲ್ಲ ಹಾಗೆಯೇ ಉಳಿಯುತ್ತವೆ, ವಾಟ್‌ಗಳು ಮಿಲಿವಾಟ್‌ಗಳಾಗುತ್ತವೆ, ಕಾಲು ವಾಟ್‌ನ ರೋಧಕಗಳೇ ಸಾಕಾಗುತ್ತವೆ. 12 ಕಿಲೋಓಮ್ ರೋಧಕಗಳನ್ನು ಸಮಾಂತರವಾಗಿ ಎರಡು ಜೋಡಿಸಿದರೆ 6, ಮೂರು ಜೋಡಿಸಿದರೆ 4, ನಾಲ್ಕು ಜೋಡಿಸಿದರೆ 3 ಕಿಲೋಓಮ್ ಆಗುತ್ತದೆ. ಆದರೆ ವೋಲ್ಟೇಜ್ ಮೂಲವನ್ನು ಸೊನ್ನೆ ಮಾಡಲು ಪವರ್ ಸಪ್ಲೈನ ಸ್ವಿಚ್ ಆರಿಸಿ ಹಾಗೆಯೇ ಬಿಡಬೇಡಿ. ಆರಿಸಿದ ಸಪ್ಲೈನ ತುದಿಗಳ ನಡುವೆ ಸೊನ್ನೆ ಓಮ್ ಇರುತ್ತದೆಂಬ ಖಾತ್ರಿಯಿಲ್ಲ. ಸಪ್ಲೈನಿಂದ ಎರಡೂ ತಂತಿಗಳನ್ನು ಬಿಡಿಸಿಕೊಂಡು ಆ ತಂತಿಗಳನ್ನು ಒಂದಕ್ಕೊಂದು ಜೋಡಿಸಿ. ಚಾಲೂ ಇರುವ ಸಪ್ಲೈನ ತುದಿಗಳನ್ನೇ ಶಾರ್ಟ್ ಮಾಡಲು ಹೋಗಬೇಡಿ. ಕರೆಂಟ್ ಮೂಲದ ಒಂದು ತಂತಿಯನ್ನು ಬಿಡಿಸಿದರೆ ಸಾಕು.

ಎಲ್ಲವನ್ನೂ ಸರಿಯಾಗಿ ಮಾಡಿದರೂ ತಾಳೆಯಾಗದ ಒಂದು ಸಂದರ್ಭವಿದೆ. ನಿಜವಾದ ಕರೆಂಟ್ ಮೂಲಕ್ಕೆ ತನ್ನ ತುದಿಗಳ ನಡುವೆ ಕೊಡಬಲ್ಲ ವೋಲ್ಟೇಜ್‌ನ ಮಿತಿ ಇರುತ್ತದೆ. ಆ ಮಿತಿ 24 ವೋಲ್ಟ್ ಇದೆಯೆಂದುಕೊಳ್ಳಿ. ಮೂರನೆಯ ಹಂತದಲ್ಲಿ ಅದು 20 ವೋಲ್ಟ್ ಮಾತ್ರ ಕೊಡಬೇಕಾಗಿರುವುದರಿಂದ 4 ಮಿಲಿಆಂಪಿಯರ್ ಅನ್ನು ಸರಾಗವಾಗಿ ಕಳಿಸುತ್ತದೆ, R3ರಲ್ಲಿ 2 ಮಿಲಿಆಂಪಿಯರ್ ತೋರುತ್ತದೆ. ಹಂತಗಳ ಮೊತ್ತ 3.5 ಆಗುತ್ತದೆ. ಮೂರೂ ಮೂಲಗಳನ್ನು ಒಟ್ಟಿಗೆ ಹಾಕಿದಾಗ ಅದಕ್ಕೆ 26 ವೋಲ್ಟ್ ಬೇಕಾಗುತ್ತದೆ, ಆದರೆ ಅದು 24ಕ್ಕೆ ನಿಂತುಬಿಡುತ್ತದೆ. ಆಗ 6 + 2I ಎಂಬ A ಯ ವೋಲ್ಟೇಜ್‌ಗೆ R4ರ 3I ಸೇರಿ 24 ಆಗಬೇಕು, ಆದ್ದರಿಂದ I 3.6 ಮಿಲಿಆಂಪಿಯರ್‌ಗೆ ಇಳಿಯುತ್ತದೆ, A 13.2 ವೋಲ್ಟ್‌ನಲ್ಲಿ ನಿಲ್ಲುತ್ತದೆ, R3ರ ಮೀಟರ್ 3.3 ಮಿಲಿಆಂಪಿಯರ್ ತೋರಿಸುತ್ತದೆ. ಪ್ರಮೇಯಕ್ಕೆ ಬೇಕಾದ ರೇಖೀಯತೆ ಮುರಿದದ್ದು ಆ ಮೂಲದೊಳಗೆ, ಅದು ಕರೆಂಟ್ ಮೂಲವಾಗಿರುವುದನ್ನು ಬಿಟ್ಟು 24 ವೋಲ್ಟ್‌ನ ವೋಲ್ಟೇಜ್ ಮೂಲದಂತೆ ನಡೆದುಕೊಂಡಾಗ. ಹಂತಗಳ ಮೊತ್ತಕ್ಕಿಂತ ಪೂರ್ಣ ಸರ್ಕ್ಯೂಟ್‌ನ ಅಳತೆ ಹೀಗೆ ಕಡಿಮೆ ಬಂದರೆ, ರೋಧಕಗಳನ್ನು ಅನುಮಾನಿಸುವ ಮೊದಲು ಕರೆಂಟ್ ಮೂಲದ ತುದಿಗಳ ನಡುವಿನ ವೋಲ್ಟೇಜ್ ಅನ್ನು ಮೂರೂ ಮೂಲಗಳು ಜೋಡಿಸಿರುವಾಗಲೇ ಅಳೆದು ನೋಡಿ.